ಎರಡು ದರಗಳ ನಡುವಿನ ಹಣ ಯಾರಿಗೆ?

ಮೊಬೈಲಿನ ಷೇರು ಆ್ಯಪ್‌ನಲ್ಲಿ ಯಾವುದಾದರೂ ಕಂಪನಿಯ ಹೆಸರು ಒತ್ತಿದರೆ ಎರಡು ಸಾಲು ದರಗಳು ಕಾಣುತ್ತವೆ. ಒಂದು ಕಡೆ ಕೊಳ್ಳುವವರು ಕೊಡಲು ಸಿದ್ಧರಿರುವ ದರ, ಅದು ಬಿಡ್. ಇನ್ನೊಂದು ಕಡೆ ಮಾರುವವರು ಕೇಳುತ್ತಿರುವ ದರ, ಅದು ಆಸ್ಕ್. ಅತಿ ಹೆಚ್ಚಿನ ಬಿಡ್‌ಗೂ ಅತಿ ಕಡಿಮೆ ಆಸ್ಕ್‌ಗೂ ನಡುವಿನ ಅಂತರವೇ ಸ್ಪ್ರೆಡ್. ದೊಡ್ಡ ಬ್ಯಾಂಕುಗಳ ಷೇರಿನಲ್ಲಿ ಅದು ಪೈಸೆಗಳ ಮಾತು. ಅಪರೂಪಕ್ಕೆ ಕೈ ಬದಲಾಗುವ ಸಣ್ಣ ಕಂಪನಿಯ ಷೇರಿನಲ್ಲಿ ನೂರು ರೂಪಾಯಿಗೆ ಎರಡು ಮೂರು ರೂಪಾಯಿ ಆಗುವುದೂ ಉಂಟು. ಬ್ರೋಕರೇಜ್ ಇಲ್ಲವೆಂದು ಖುಷಿಪಡುವವರೂ ಈ ಖರ್ಚು ತಪ್ಪಿಸಿಕೊಳ್ಳಲಾರರು. ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಇದಕ್ಕೆ ಪ್ರತ್ಯೇಕ ಸಾಲೂ ಇರುವುದಿಲ್ಲ.

ಎರಡೂ ಬದಿಗೆ ದರ ಹೇಳಿಕೊಂಡು, ಬಂದವರಿಂದ ಕೊಂಡು, ಕೇಳಿದವರಿಗೆ ಮಾರುವವರು ಮಾರ್ಕೆಟ್ ಮೇಕರ್‌ಗಳು. ಮುಂಬೈ ಷೇರುಪೇಟೆಯಲ್ಲಿ ಕೂಗಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಇದು ಜಾಬರ್‌ಗಳ ಕೆಲಸವಾಗಿತ್ತು. ಈಗಲೂ ಎಸ್‌ಎಂಇ ವೇದಿಕೆಗೆ ಬರುವ ಕಂಪನಿಗಳ ಷೇರಿಗೆ ಮೊದಲ ಮೂರು ವರ್ಷ ಮಾರ್ಕೆಟ್ ಮೇಕರ್ ಇರಲೇಬೇಕೆಂಬ ನಿಯಮವಿದೆ. 98ಕ್ಕೆ ಕೊಂಡು 102ಕ್ಕೆ ಮಾರಿದರೆ ನಾಲ್ಕು ರೂಪಾಯಿ ಸುಲಭದ ಲಾಭ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಅದರಲ್ಲಿ ಬಹುಪಾಲು ಲಾಭವೇ ಅಲ್ಲ, ನಷ್ಟಕ್ಕೆ ಮೊದಲೇ ತೆಗೆದಿಟ್ಟ ಹಣ.

ಒಂದು ನಷ್ಟ ದಾಸ್ತಾನಿನದು. ಬೆಳಗಿನಿಂದ ಬರೀ ಮಾರುವವರೇ ಬಂದರೆ ಡೀಲರ್ ಕೈಯಲ್ಲಿ ಬೇಡದ ಷೇರು ಗುಡ್ಡೆಯಾಗುತ್ತದೆ. ಅದನ್ನು ಸಾಗಹಾಕುವ ಮುಂಚೆಯೇ ದರ ಬಿದ್ದರೆ ಹೊರೆ ಅವನದೇ. ಹಾಗಾಗಿ ಅವನು ಎರಡೂ ದರ ಇಳಿಸುತ್ತಾನೆ. ಮಾರುವವರು ಹಿಂದೆ ಸರಿಯಲಿ, ಕೊಳ್ಳುವವರು ಬರಲಿ ಎಂಬುದು ಅವನ ಲೆಕ್ಕ.

ಇನ್ನೊಂದು ನಷ್ಟ ಇದಕ್ಕಿಂತ ಸೂಕ್ಷ್ಮ. 1971ರಲ್ಲಿ ಜ್ಯಾಕ್ ಟ್ರೇನರ್ ಎಂಬ ಅಮೆರಿಕದ ವಿಶ್ಲೇಷಕರು ವಾಲ್ಟರ್ ಬ್ಯಾಜೆಟ್ ಎಂಬ ಗುಪ್ತನಾಮದಲ್ಲಿ ಬರೆದ ಪುಟ್ಟ ಲೇಖನವೊಂದರಲ್ಲಿ ಅದನ್ನು ಬಿಡಿಸಿ ಹೇಳಿದರು. ಡೀಲರ್ ಬಳಿ ಬರುವವರಲ್ಲಿ ಕೆಲವರಿಗೆ ಅವನಿಗಿಂತ ಹೆಚ್ಚು ಗೊತ್ತಿರುತ್ತದೆ. ಅವರ ಕೈಯಲ್ಲಿ ಅವನು ಸೋಲುವುದು ಖಚಿತ. ಆ ಸೋಲನ್ನು ಏನೂ ತಿಳಿಯದೆ ಬರುವ ಉಳಿದವರಿಂದ ತುಂಬಿಸಿಕೊಳ್ಳದೆ ಅವನು ಅಂಗಡಿ ನಡೆಸಲಾರ. 1985ರಲ್ಲಿ ಗ್ಲಾಸ್ಟನ್ ಮತ್ತು ಮಿಲ್‌ಗ್ರೋಮ್ ಇದಕ್ಕೆ ಗಣಿತದ ರೂಪ ಕೊಟ್ಟರು.

ಒಂದು ಲೆಕ್ಕ ಮಾಡಿ ನೋಡೋಣ. ಕಂಪನಿಯ ಫಲಿತಾಂಶ ಒಳ್ಳೆಯದಾದರೆ ಷೇರಿನ ಬೆಲೆ 110, ಕೆಟ್ಟದಾದರೆ 90. ಎರಡಕ್ಕೂ ಸಮ ಸಾಧ್ಯತೆ. ವ್ಯಾಪಾರಕ್ಕೆ ಬರಬಹುದಾದ ನೂರು ಜನರಲ್ಲಿ 20 ಮಂದಿಗೆ ಫಲಿತಾಂಶ ಮೊದಲೇ ತಿಳಿದಿದೆ. ಉಳಿದ 80ರಲ್ಲಿ ಅರ್ಧ ಜನ ಕೊಳ್ಳುತ್ತಾರೆ, ಅರ್ಧ ಜನ ಮಾರುತ್ತಾರೆ. ಒಳ್ಳೆಯ ಸುದ್ದಿ ಇದ್ದರೆ ಕೊಳ್ಳುವವರು 60, ಕೆಟ್ಟದಿದ್ದರೆ 40. ಅಂದರೆ ಎದುರಿಗೆ ಒಬ್ಬ ‘ಕೊಡಿ’ ಎಂದ ಕ್ಷಣಕ್ಕೇ ಬೆಲೆ 110 ಆಗಿರುವ ಸಾಧ್ಯತೆ ನೂರಕ್ಕೆ 60. ಆಗ ನ್ಯಾಯವಾದ ದರ 100 ಅಲ್ಲ, 102. ಹಾಗೆಯೇ ಒಬ್ಬ ಮಾರಲು ಬಂದರೆ ನ್ಯಾಯವಾದ ದರ 98. ಡೀಲರ್‌ಗೆ ಒಂದು ಪೈಸೆ ಲಾಭವಿಲ್ಲ, ಖರ್ಚೂ ಇಲ್ಲ ಎಂದುಕೊಂಡರೂ ನಾಲ್ಕು ರೂಪಾಯಿ ಸ್ಪ್ರೆಡ್ ಹುಟ್ಟಿಬಿಟ್ಟಿತು!

ಈ ನಾಲ್ಕು ರೂಪಾಯಿ ಹೋಗುವುದೆಲ್ಲಿಗೆ? ಸುದ್ದಿ ಒಳ್ಳೆಯದು, ನೂರು ಜನರೂ ಇದೇ ದರದಲ್ಲಿ ವ್ಯಾಪಾರ ಮಾಡಿದರು ಎನ್ನಿ. ತಿಳಿದವರು 102ಕ್ಕೆ ಕೊಂಡು ತಲಾ 8 ರೂಪಾಯಿ, ಒಟ್ಟು 160 ಗಳಿಸುತ್ತಾರೆ. ತಿಳಿಯದವರಲ್ಲಿ ಕೊಂಡ 40 ಜನಕ್ಕೆ 320 ಲಾಭ, 98ಕ್ಕೆ ಮಾರಿದ 40 ಜನಕ್ಕೆ 480 ನಷ್ಟ. ಕಳೆದರೆ ಅವರ ಪಾಲಿಗೆ ಉಳಿಯುವುದು ಅದೇ 160ರ ನಷ್ಟ. ಡೀಲರ್ ಬರೀ ದಾಟಿಸಿದ. ಸ್ಪ್ರೆಡ್ ದೊಡ್ಡದಾದರೆ ನಾವು ಡೀಲರ್‌ನ ದುರಾಸೆಯನ್ನು ಬೈಯುತ್ತೇವೆ. ಒಳಸುದ್ದಿ ಹಿಡಿದು ವ್ಯಾಪಾರ ಮಾಡುವವರ ಮೇಲೂ ಅಷ್ಟೇ ಸಿಟ್ಟು ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ನಷ್ಟಗಳನ್ನೂ ಬೇರೆ ಮಾಡಿ ಗುರುತಿಸಲು ಒಂದು ದಾರಿಯಿದೆ. ದೊಡ್ಡ ಮಾರಾಟದಿಂದ ಬಿದ್ದ ದರ ಸ್ವಲ್ಪ ಹೊತ್ತಿಗೆ ಮೇಲೆದ್ದರೆ ಅದು ಬಹುಮಟ್ಟಿಗೆ ದಾಸ್ತಾನಿನ ಒತ್ತಡ. ಬಿದ್ದಲ್ಲೇ ನಿಂತರೆ ಮಾರಿದವನಿಗೆ ಏನೋ ಗೊತ್ತಿತ್ತು ಎಂದರ್ಥ. ಸಂಶೋಧಕರೂ ವ್ಯವಹಾರದ ಕೆಲವು ನಿಮಿಷಗಳ ನಂತರದ ದರ ನೋಡಿಯೇ ಇದನ್ನು ಅಳೆಯುತ್ತಾರೆ. ಅಲ್ಲಿಯೂ ಅಡ್ಡಿಯಿದೆ: ಅದೇ ಹೊತ್ತಿಗೆ ಹೊಸ ಸುದ್ದಿ ಬಂದರೆ ಅಳತೆ ಕೆಡುತ್ತದೆ.

ನಮ್ಮ ಪೇಟೆಗಳಲ್ಲಿ ಬಹುತೇಕ ಷೇರುಗಳಿಗೆ ನೇಮಕಗೊಂಡ ಮಾರ್ಕೆಟ್ ಮೇಕರ್ ಇಲ್ಲ. ಲಿಮಿಟ್ ಆರ್ಡರ್ ಹಾಕಿ ಕಾಯುವ ಪ್ರತಿಯೊಬ್ಬರೂ ಆ ಹೊತ್ತಿಗೆ ಅದೇ ಜಾಗದಲ್ಲಿ ನಿಂತಿರುತ್ತಾರೆ. ಹೆಚ್ಚು ವ್ಯಾಪಾರವಿಲ್ಲದ ಷೇರನ್ನು ಮಾರ್ಕೆಟ್ ಆರ್ಡರ್‌ನಲ್ಲಿ ಕೊಳ್ಳಬೇಡಿ, ಎರಡು ದರಗಳ ನಡುವೆ ಲಿಮಿಟ್ ಹಾಕಿ. ಆದರೆ ಫಲಿತಾಂಶ ಪ್ರಕಟವಾಗುವ ದಿನ ಆ ಆರ್ಡರನ್ನು ಮರೆತು ಬಿಟ್ಟು ಹೋಗಬೇಡಿ. ಅಂದು ನಿಮ್ಮ ದರಕ್ಕೆ ಮೊದಲು ಕೈ ಹಾಕುವವರು ನಿಮಗಿಂತ ಮುಂಚೆ ಸುದ್ದಿ ಓದಿದವರೇ ಆಗಿರುತ್ತಾರೆ.