ಗೋಬರ್ ಗ್ಯಾಸ್ ಉರಿ ಎಷ್ಟು ಬಿಸಿ? ಒಂದು ಲೆಕ್ಕ



ಎರಡು ಮನೆಗಳಲ್ಲಿ ಒಂದೇ ಅಳತೆಯ ಗೋಬರ್ ಗ್ಯಾಸ್ ಘಟಕವಿರುತ್ತದೆ. ಇಬ್ಬರೂ ಅಷ್ಟೇ ಸಗಣಿ ಹಾಕುತ್ತಾರೆ. ಆದರೂ ಒಂದು ಮನೆಯಲ್ಲಿ ಹಾಲು ಬೇಗ ಉಕ್ಕುತ್ತದೆ, ಇನ್ನೊಂದು ಮನೆಯಲ್ಲಿ ಸಂಜೆಯ ಅಡುಗೆ ಮುಗಿಯುವ ಮೊದಲೇ ಗ್ಯಾಸ್ ಖಾಲಿ. ತಪ್ಪು ಸಗಣಿಯದೋ, ಘಟಕದ್ದೋ, ಒಲೆಯದೋ? ಉರಿಯ ತಾಪಮಾನವನ್ನು ಲೆಕ್ಕ ಹಾಕಿದರೆ ಇದಕ್ಕೆ ಸಾಕಷ್ಟು ಉತ್ತರ ಸಿಗುತ್ತದೆ. ಈ ಲೆಕ್ಕಕ್ಕೆ ಬೇಕಾದದ್ದು ಕೂಡುವುದು, ಗುಣಿಸುವುದು ಮತ್ತು ಒಂದು ಭಾಗಾಕಾರ ಮಾತ್ರ.

ಲೆಕ್ಕದ ಮೂಲ

ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವುದು ನಿಮಗೆ ಗೊತ್ತು. ಹಾಲಿಗೆ ನೀರು ಬೆರೆತರೆ ಅದರಲ್ಲಿರುವ ಕೊಬ್ಬು ಎಲ್ಲಿಗೂ ಹೋಗುವುದಿಲ್ಲ. ಅಷ್ಟೇ ಕೊಬ್ಬು ಹೆಚ್ಚು ದ್ರವದಲ್ಲಿ ಹಂಚಿಹೋಗುವುದರಿಂದ ಫ್ಯಾಟ್ ಇಳಿಯುತ್ತದೆ. ಉರಿಯ ತಾಪಮಾನವೂ ಹೀಗೆಯೇ. ಗ್ಯಾಸ್ ಉರಿದಾಗ ಇಂತಿಷ್ಟು ಶಾಖ ಹುಟ್ಟುತ್ತದೆ. ಆ ಶಾಖ ಎಷ್ಟು ಅನಿಲದಲ್ಲಿ ಹಂಚಿಹೋಗುತ್ತದೆ ಎಂಬುದರ ಮೇಲೆ ಉರಿ ಎಷ್ಟು ಬಿಸಿ ಎಂಬುದು ನಿಂತಿದೆ.

ಲೆಕ್ಕ ಸುಲಭವಾಗಲು, ಹುಟ್ಟಿದ ಶಾಖದಲ್ಲಿ ಸ್ವಲ್ಪವೂ ಹೊರಗೆ ಸೋರುವುದಿಲ್ಲ, ಎಲ್ಲವೂ ಉರಿದ ಮೇಲೆ ಉಳಿಯುವ ಅನಿಲಗಳನ್ನು ಬಿಸಿ ಮಾಡುವುದಕ್ಕೇ ಹೋಗುತ್ತದೆ ಎಂದು ಇಟ್ಟುಕೊಳ್ಳುತ್ತೇವೆ. ಹೀಗೆ ಬರುವ ತಾಪಮಾನಕ್ಕೆ ‘ಅಡಿಯಾಬ್ಯಾಟಿಕ್ ಜ್ವಾಲೆಯ ತಾಪಮಾನ’ ಎಂದು ಹೆಸರು. ಆ ಗ್ಯಾಸ್ ಮತ್ತು ಗಾಳಿಯಿಂದ ಸಿಗಬಹುದಾದ ಗರಿಷ್ಠ ಬಿಸಿ ಇದು. ನಿಜವಾದ ಒಲೆಯ ಉರಿ ಇದಕ್ಕಿಂತ ಕೆಳಗೇ ಇರುತ್ತದೆ.

ಮೊದಲು ಶುದ್ಧ ಮೀಥೇನ್

ಗೋಬರ್ ಗ್ಯಾಸಿನಲ್ಲಿ ಉರಿಯುವ ಭಾಗ ಮೀಥೇನ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ 1 ಘನ ಮೀಟರ್ ಮೀಥೇನ್ ಪೂರ್ತಿ ಉರಿಯಲು 2 ಘನ ಮೀಟರ್ ಆಮ್ಲಜನಕ ಬೇಕು. ಉರಿದ ಮೇಲೆ 1 ಪಾಲು ಇಂಗಾಲದ ಡೈಆಕ್ಸೈಡ್ ಮತ್ತು 2 ಪಾಲು ನೀರಾವಿ ಉಳಿಯುತ್ತದೆ. ಆದರೆ ಆಮ್ಲಜನಕ ನಮಗೆ ಬರುವುದು ಗಾಳಿಯಿಂದ, ಮತ್ತು ಗಾಳಿಯಲ್ಲಿ ಅದು ಶೇಕಡ 21 ಮಾತ್ರ. ಉಳಿದದ್ದು ಬಹುತೇಕ ಸಾರಜನಕ. ಹಾಗಾಗಿ 2 ಪಾಲು ಆಮ್ಲಜನಕದ ಜೊತೆಗೆ ಏಳೂವರೆ ಪಾಲು ಸಾರಜನಕವೂ ಒಲೆಗೆ ಬರುತ್ತದೆ. ಅದು ತಾನು ಉರಿಯುವುದಿಲ್ಲ, ಶಾಖದಲ್ಲಿ ಮಾತ್ರ ಪಾಲು ತೆಗೆದುಕೊಳ್ಳುತ್ತದೆ. ಸಂಬಂಧವಿಲ್ಲದಿದ್ದರೂ ಪಂಕ್ತಿಯಲ್ಲಿ ಕೂತು ಉಂಡು ಹೋಗುವವರ ಹಾಗೆ.

ಇಷ್ಟು ಮೀಥೇನ್ ಉರಿದರೆ ಸಿಗುವ ಶಾಖ ಸುಮಾರು 32,800 ಕಿಲೋಜೌಲ್. ನೀರು ಆವಿಯಾಗಿಯೇ ಹೊರಗೆ ಹೋಗುತ್ತದೆ ಎಂಬ ಲೆಕ್ಕದ ಅಂಕಿ ಇದು. ಉರಿಯೊಳಗೆ ನೀರು ಆವಿಯಾಗಿಯೇ ಇರುವುದರಿಂದ ನಮಗೆ ಬೇಕಾದದ್ದೂ ಇದೇ.

ಈಗ ಪ್ರತಿ ಅನಿಲವನ್ನು 1 ಡಿಗ್ರಿ ಬಿಸಿ ಮಾಡಲು ಎಷ್ಟು ಶಾಖ ಬೇಕು ಎಂದು ನೋಡೋಣ. ಇದನ್ನು ಅನಿಲದ ಶಾಖಧಾರಣ ಸಾಮರ್ಥ್ಯ ಎನ್ನುತ್ತಾರೆ. ಉರಿಯ ಬಿಸಿಯಲ್ಲಿ ಒಂದು ಘನ ಮೀಟರ್‌ಗೆ ಇಂಗಾಲದ ಡೈಆಕ್ಸೈಡ್ 2.3 ಕಿಲೋಜೌಲ್, ನೀರಾವಿ 1.8 ಕಿಲೋಜೌಲ್, ಸಾರಜನಕ 1.38 ಕಿಲೋಜೌಲ್ ಕೇಳುತ್ತವೆ. ಡೇರಿಯ ಬಿಲ್ಲಿನ ಹಾಗೆ ಬರೆದು ಕೂಡಿಸಿದರೆ:

ಇಂಗಾಲದ ಡೈಆಕ್ಸೈಡ್: 1 × 2.3 = 2.3
ನೀರಾವಿ: 2 × 1.8 = 3.6
ಸಾರಜನಕ: 7.5 × 1.38 = 10.4
ಒಟ್ಟು: 16.3 ಕಿಲೋಜೌಲ್, ಪ್ರತಿ ಡಿಗ್ರಿಗೆ

32,800ನ್ನು 16.3ರಿಂದ ಭಾಗಿಸಿದರೆ ಸುಮಾರು 2010. ಅಂದರೆ ಅನಿಲಗಳ ಬಿಸಿ 2010 ಡಿಗ್ರಿಯಷ್ಟು ಏರುತ್ತದೆ. ಮೊದಲಿಗಿದ್ದ 25 ಡಿಗ್ರಿ ಸೇರಿಸಿದರೆ 2035 ಡಿಗ್ರಿ. ಆ 16.3ರಲ್ಲಿ 10.4 ಸಾರಜನಕವೊಂದರ ಪಾಲು ಎಂಬುದನ್ನು ಗಮನಿಸಿ. ಶಾಖದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಅದಕ್ಕೇ ಹೋಗುತ್ತದೆ.

ಲೆಕ್ಕ ತಪ್ಪುವುದು ಎಲ್ಲಿ?

ಶಾಖಧಾರಣ ಸಾಮರ್ಥ್ಯ ಎಲ್ಲ ತಾಪಮಾನದಲ್ಲೂ ಒಂದೇ ಅಲ್ಲ. ಅನಿಲ ಬಿಸಿಯಾದಂತೆ ಅದರ ಅಣುಗಳು ಒಳಗೊಳಗೇ ಕಂಪಿಸತೊಡಗುತ್ತವೆ, ಆ ಕಂಪನಕ್ಕೂ ಶಾಖ ಬೇಕಾಗುತ್ತದೆ. ಸಾಮಾನ್ಯ ಬಿಸಿಯಲ್ಲಿ 1.5 ಕೇಳುವ ಇಂಗಾಲದ ಡೈಆಕ್ಸೈಡ್, ಒಂಬೈನೂರು ಡಿಗ್ರಿ ದಾಟುವಾಗ 2.3 ಕೇಳುತ್ತದೆ. ಪುಸ್ತಕದಲ್ಲಿ 25 ಡಿಗ್ರಿಗೆ ಕೊಟ್ಟ ಅಂಕಿಗಳನ್ನೇ ಹಾಕಿದರೆ ಒಟ್ಟು 13.2 ಆಗಿ, ಉರಿ 2500 ಡಿಗ್ರಿ ದಾಟಿತೆಂದು ಬರುತ್ತದೆ. ಅದು ತಪ್ಪು. ಆದ್ದರಿಂದ ಮೊದಲು ಉರಿ ಸುಮಾರು ಎಷ್ಟಿರಬಹುದು ಎಂದು ಅಂದಾಜು ಮಾಡಿ, ಅದಕ್ಕೂ 25 ಡಿಗ್ರಿಗೂ ನಡುವಿನ ತಾಪಮಾನದ ಅಂಕಿಗಳನ್ನು ತೆಗೆದುಕೊಳ್ಳಬೇಕು. ನಾವು ಮೇಲೆ ಹಾಕಿದ್ದು ಅಂಥ ಅಂಕಿಗಳನ್ನೇ.

ಇನ್ನೊಂದು ಸಣ್ಣ ವ್ಯತ್ಯಾಸವಿದೆ. ಅಷ್ಟು ಬಿಸಿಯಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಸ್ವಲ್ಪ ಪ್ರಮಾಣದಲ್ಲಿ ಮತ್ತೆ ಒಡೆಯುತ್ತವೆ, ಒಡೆಯಲು ಶಾಖ ನುಂಗುತ್ತವೆ. ಇದನ್ನೂ ಸೇರಿಸಿ ಪೂರ್ತಿ ಲೆಕ್ಕ ಮಾಡಿದರೆ ಮೀಥೇನ್ ಉರಿಗೆ ಸುಮಾರು 1950 ಡಿಗ್ರಿ ಬರುತ್ತದೆ. ನಮ್ಮ ಕೈಲೆಕ್ಕ ಅದಕ್ಕಿಂತ ಎಂಬತ್ತು ಡಿಗ್ರಿಯಷ್ಟು ಹೆಚ್ಚು ತೋರಿಸಿತು. ಒಲೆಯ ವಿಷಯ ತಿಳಿಯಲು ಇಷ್ಟು ನಿಖರತೆ ಸಾಕು.

ಈಗ ನಮ್ಮ ಮನೆಯ ಗ್ಯಾಸ್

ಗೋಬರ್ ಗ್ಯಾಸಿನಲ್ಲಿ ಮೀಥೇನ್ ಶೇಕಡ 60 ಇದೆ, ಉಳಿದ 40 ಇಂಗಾಲದ ಡೈಆಕ್ಸೈಡ್ ಎಂದುಕೊಳ್ಳೋಣ. ಆಗ 1 ಘನ ಮೀಟರ್ ಮೀಥೇನ್ ಜೊತೆಗೆ 0.67 ಘನ ಮೀಟರ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದು ಕೇಳುವ ಶಾಖ 1.5. ಒಟ್ಟು 17.8 ಆಗುತ್ತದೆ. 32,800ನ್ನು 17.8ರಿಂದ ಭಾಗಿಸಿ 25 ಸೇರಿಸಿದರೆ ಸುಮಾರು 1870 ಡಿಗ್ರಿ.

ಮೀಥೇನ್ ಶೇಕಡ 50ಕ್ಕೆ ಇಳಿದರೆ? ಒಟ್ಟು 18.6, ಉರಿ ಸುಮಾರು 1790 ಡಿಗ್ರಿ. ಕಡಿಮೆಯಾದದ್ದು ಎಂಬತ್ತೇ ಡಿಗ್ರಿ. ಪ್ರತಿ ಘನ ಮೀಟರ್ ಗ್ಯಾಸಿನಲ್ಲಿ ಸಿಗುವ ಶಾಖವಂತೂ ಕಡಿಮೆಯಾಗುತ್ತದೆ, ಆದರೆ ಉರಿಯ ಬಿಸಿ ಅಷ್ಟಾಗಿ ಕುಸಿಯುವುದಿಲ್ಲ.

ಗ್ಯಾಸಿನ ತೇವವೂ ಹೀಗೆಯೇ. 30 ಡಿಗ್ರಿಯಲ್ಲಿ ಘಟಕದಿಂದ ಬರುವ ಗ್ಯಾಸಿನಲ್ಲಿ ಶೇಕಡ 4ರಷ್ಟು ನೀರಾವಿ ಇರುತ್ತದೆ. ಲೆಕ್ಕ ಹಾಕಿದರೆ ಅದರಿಂದ ಉರಿ ಇಳಿಯುವುದು ಹತ್ತು ಹದಿನೈದು ಡಿಗ್ರಿ ಮಾತ್ರ. ತೇವದ ನಿಜವಾದ ತೊಂದರೆ ಬೇರೆ. ಅದು ತಣ್ಣಗಾಗಿ ಪೈಪಿನ ತಗ್ಗಿನಲ್ಲಿ ನೀರಾಗಿ ನಿಂತು ಗ್ಯಾಸಿಗೆ ಅಡ್ಡವಾಗುತ್ತದೆ. ಉರಿ ಒಮ್ಮೆ ಏರಿ ಒಮ್ಮೆ ಇಳಿದು ಪಟಪಟ ಎನ್ನುತ್ತಿದ್ದರೆ ಪೈಪಿನ ನೀರು ಬಸಿಯಬೇಕು.

ದೊಡ್ಡ ಕಳ್ಳ: ಬೇಡದ ಗಾಳಿ

ಈಗ ಬೇಕಾದದ್ದಕ್ಕಿಂತ ಒಂದೂವರೆ ಪಟ್ಟು ಗಾಳಿ ಉರಿಗೆ ಬೆರೆಯಿತು ಎಂದುಕೊಳ್ಳಿ. ಹೆಚ್ಚಿಗೆ ಬಂದದ್ದು ಸುಮಾರು ನಾಲ್ಕೂ ಮುಕ್ಕಾಲು ಘನ ಮೀಟರ್ ಗಾಳಿ. ಅದು ಕೇಳುವ ಶಾಖ 6.6. ಒಟ್ಟು 17.8ರಿಂದ 24.4ಕ್ಕೆ ಏರಿತು. ಭಾಗಿಸಿ 25 ಸೇರಿಸಿದರೆ ಸುಮಾರು 1370 ಡಿಗ್ರಿ. ಒಂದೇ ಏಟಿಗೆ ಐನೂರು ಡಿಗ್ರಿ ಇಳಿಯಿತು. ಗ್ಯಾಸ್ ಅದೇ, ಶಾಖವೂ ಅಷ್ಟೇ, ಆದರೆ ಹಾಲಿಗೆ ನೀರು ಬೆರೆಸಿದ ಹಾಗೆ ಅದು ತೆಳುವಾಗಿದೆ.

ಇದರಿಂದ ಪಾತ್ರೆಗೆ ಏನು ನಷ್ಟ? ಪಾತ್ರೆಯ ತಳಕ್ಕೆ ತಗುಲಿ ಹೊರಗೆ ಹೋಗುವ ಅನಿಲ 600 ಡಿಗ್ರಿಯಲ್ಲಿದೆ ಎಂದು ಒಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಸರಿಯಾದ ಗಾಳಿಯಿದ್ದಾಗ ಶಾಖದಲ್ಲಿ ಶೇಕಡ 31 ಆ ಅನಿಲದೊಂದಿಗೆ ಹೋಗುತ್ತದೆ, 69 ಪಾತ್ರೆಗೆ ಸಿಗಬಹುದು. ಒಂದೂವರೆ ಪಟ್ಟು ಗಾಳಿಯಿದ್ದಾಗ ಹೋಗುವುದು ಶೇಕಡ 43, ಪಾತ್ರೆಗೆ ಉಳಿಯುವುದು 57. ಅಂದರೆ 2 ಘನ ಮೀಟರ್ ಗ್ಯಾಸ್ ಸುಟ್ಟು 1.65 ಘನ ಮೀಟರ್ ಗ್ಯಾಸಿನ ಕೆಲಸ ಮಾಡಿಸಿಕೊಂಡಂತೆ. ಸಂಜೆ ಗ್ಯಾಸ್ ಸಾಲದೇ ಬರುವುದು ಹೀಗೂ ಇರಬಹುದು.

ಹಾಗೆಂದು ಗಾಳಿಯನ್ನು ತೀರಾ ಕಡಿಮೆ ಮಾಡಬಾರದು. ಗಾಳಿ ಸಾಲದಿದ್ದರೆ ಮೀಥೇನ್ ಪೂರ್ತಿ ಉರಿಯುವುದಿಲ್ಲ. 32,800 ಪೂರ್ತಿ ಕೈಗೆ ಸಿಗುವುದಿಲ್ಲ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ, ಅಡುಗೆಮನೆಯಲ್ಲಿ ವಾಸನೆಯೇ ಇಲ್ಲದ ವಿಷಾನಿಲ ಇಂಗಾಲದ ಮೊನಾಕ್ಸೈಡ್ ಸೇರುತ್ತದೆ. ಕಿಟಕಿ ಮುಚ್ಚಿ ಇಂಥ ಒಲೆ ಉರಿಸುವುದು ಅಪಾಯ.

ನೋಡಿ ತಿಳಿಯುವುದು ಹೇಗೆ?

ಸರಿಯಾದ ಉರಿ ನೀಲಿಯಾಗಿ, ಬರ್ನರಿನ ತೂತುಗಳ ಮೇಲೆಯೇ ನಿಂತು, ಒಳಗೆ ಚೂಪಾದ ತುದಿ ತೋರಿಸುತ್ತದೆ. ತುದಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲದು. ಬರ್ನರಿನ ಗಾಳಿ ಕಿಂಡಿಯನ್ನು ಸ್ವಲ್ಪ ತೆರೆಯಿರಿ, ಅದರಲ್ಲಿ ಧೂಳು, ಜೇಡರ ಬಲೆ ಕಟ್ಟಿದೆಯೇ ನೋಡಿ. ಉರಿ ತೂತು ಬಿಟ್ಟು ಮೇಲೆ ಹಾರುತ್ತ, ಸುಯ್ ಎಂದು ಸದ್ದು ಮಾಡುತ್ತ ಆರಿಹೋಗುವಂತಿದ್ದರೆ ಗಾಳಿ ಅಥವಾ ಗ್ಯಾಸಿನ ಒತ್ತಡ ಹೆಚ್ಚಾಗಿದೆ. ಕಿಂಡಿಯನ್ನು ಸ್ವಲ್ಪ ಮುಚ್ಚಿ, ಕಾಕನ್ನು ತಗ್ಗಿಸಿ.

ಕಿಂಡಿ ಸರಿಯಿದ್ದರೂ ಬೇಡದ ಗಾಳಿ ಪಕ್ಕದಿಂದ ನುಗ್ಗಬಹುದು. ಪಾತ್ರೆ ಬರ್ನರಿನಿಂದ ತೀರಾ ಎತ್ತರದಲ್ಲಿದ್ದರೆ, ಬಾಗಿಲ ಗಾಳಿ ನೇರವಾಗಿ ಒಲೆಗೆ ಬೀಸುತ್ತಿದ್ದರೆ ಉರಿ ಪಾತ್ರೆ ಮುಟ್ಟುವ ಮೊದಲೇ ತೆಳುವಾಗುತ್ತದೆ. ಉರಿಯ ತುದಿ ಪಾತ್ರೆಯ ತಳವನ್ನು ಮುಟ್ಟುವಷ್ಟು ಎತ್ತರವಿರಲಿ. ಪಕ್ಕದಿಂದ ಮೇಲೇರಿ ಪಾತ್ರೆಯ ಮೈ ನೆಕ್ಕುತ್ತಿದ್ದರೆ ಉರಿ ದೊಡ್ಡದಾಯಿತು, ತಗ್ಗಿಸಿ. ಬಾಗಿಲ ಗಾಳಿಗೆ ಒಲೆಯ ಒಂದು ಬದಿಗೆ ತಗಡಿನ ಮರೆ ಸಾಕು, ಮೇಲಿನ ಕಿಟಕಿ ಮಾತ್ರ ತೆರೆದಿರಲಿ.

ಇಷ್ಟು ಬಿಸಿಯ ಉರಿಯ ಮೇಲಿಟ್ಟರೂ 660 ಡಿಗ್ರಿಗೇ ಕರಗುವ ಅಲ್ಯೂಮಿನಿಯಂ ಪಾತ್ರೆ ಏಕೆ ಕರಗುವುದಿಲ್ಲ ಎಂದು ನೀವು ಕೇಳಬಹುದು. ಒಳಗಿನ ಹಾಲು ಶಾಖವನ್ನು ಒಡನೆ ಎಳೆದುಕೊಂಡು ತಳವನ್ನು ನೂರು ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ನೀರೆಲ್ಲ ಇಂಗಿ ಪಾತ್ರೆ ಬರಿದಾದರೆ ಆ ರಕ್ಷಣೆ ಇರುವುದಿಲ್ಲ. ಆಗ ತಳ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಕರಗಿಯೂ ಬಿಡುತ್ತದೆ.