ಕಂಬಕ್ಕೆ ಚೈನ್ ಕಟ್ಟಿ ಎಳೆದಾಗ

ಕಾರ್ಖಾನೆಗಳಲ್ಲಿ ಭಾರದ ಯಂತ್ರವನ್ನು ಜರುಗಿಸಬೇಕಾದಾಗ ಶೆಡ್ಡಿನ ಕಂಬಕ್ಕೇ ಚೈನ್ ಪುಲ್ಲಿ ಕಟ್ಟಿ ಎಳೆಯುವುದುಂಟು. ಕಂಬ ಆಗಲೇ ಛಾವಣಿಯ ಭಾರ ಹೊತ್ತು ನಿಂತಿದೆ, ಅದರ ಮೇಲೆ ಈಗ ಅಡ್ಡ ಎಳೆತವೂ ಬಿತ್ತು. ತಡೆಯುತ್ತದೆಯೇ ಎಂದು ನೋಡಲು ಭಾರದಿಂದ ಬರುವ ಸ್ಟ್ರೆಸ್ ಒಂದು ಕಡೆ, ಎಳೆತದಿಂದ ಬರುವ ಸ್ಟ್ರೆಸ್ ಇನ್ನೊಂದು ಕಡೆ ಲೆಕ್ಕ ಹಾಕಿ ಕೂಡಿಸುವುದು ಸಹಜ. ಆದರೆ ಈ ಕೂಡಿಕೆ ತಪ್ಪು, ಅದೂ ಅಪಾಯದ ಕಡೆಗೆ ವಾಲಿದ ತಪ್ಪು. ಎಷ್ಟು ತಪ್ಪು ಎಂಬುದನ್ನು ನಿರ್ಧರಿಸುವುದು ಉಕ್ಕಿನ ಬಲವಲ್ಲ, ಕಂಬದ ಉದ್ದ ಮತ್ತು ಬಿಗಿತ.

ಲೆಕ್ಕವನ್ನೇ ಹಾಕಿ ನೋಡೋಣ. 4 ಮೀಟರ್ ಎತ್ತರದ, 100 ಮಿಲಿಮೀಟರ್ ಚೌಕದ, 4 ಮಿಲಿಮೀಟರ್ ದಪ್ಪದ ಉಕ್ಕಿನ ಟ್ಯೂಬ್ ಕಂಬ. ಎರಡೂ ತುದಿ ಪಕ್ಕಕ್ಕೆ ಸರಿಯುವುದಿಲ್ಲ, ಆದರೆ ತಿರುಗಬಲ್ಲವು. ಮೇಲಿನ ಭಾರ 143 ಕಿಲೋನ್ಯೂಟನ್, ಎಂದರೆ ಹೆಚ್ಚುಕಡಿಮೆ ಹದಿನಾಲ್ಕೂವರೆ ಟನ್. ನಡುಮಧ್ಯದಲ್ಲಿ ಚೈನಿನ ಎಳೆತ 5 ಕಿಲೋನ್ಯೂಟನ್, ಅರ್ಧ ಟನ್. ಭಾರದ ಸ್ಟ್ರೆಸ್ 96 ಮೆಗಾಪ್ಯಾಸ್ಕಲ್ ಆಗುತ್ತದೆ. ಎಳೆತದಿಂದ ನಡುವೆ 5 ಕಿಲೋನ್ಯೂಟನ್-ಮೀಟರ್ ಬೆಂಡಿಂಗ್ ಮೊಮೆಂಟ್ ಹುಟ್ಟಿ, ಅದರ ಸ್ಟ್ರೆಸ್ 108 ಆಗುತ್ತದೆ. ಕೂಡಿದರೆ 204. ಉಕ್ಕು ಶಾಶ್ವತವಾಗಿ ಬಾಗಲು ತೊಡಗುವುದು 250ರಲ್ಲಿ ಎಂದಿಟ್ಟುಕೊಂಡರೆ, ಇನ್ನೂ ಜಾಗವಿದೆ ಎಂದು ನೆಮ್ಮದಿಯಾಗುತ್ತದೆ. ಆದರೆ ಎಳೆತಕ್ಕೆ ಕಂಬದ ನಡು 14.4 ಮಿಲಿಮೀಟರ್ ಪಕ್ಕಕ್ಕೆ ಬಾಗಿರುತ್ತದೆ. ಆಗ 143 ಕಿಲೋನ್ಯೂಟನ್ನಿನ ಭಾರ ನಡುವಿನ ನೇರಕ್ಕೆ ಬೀಳದೆ, ಅಷ್ಟು ದೂರದಿಂದ ತಾನೂ ಬಾಗಿಸತೊಡಗುತ್ತದೆ. ಈ ಹೆಚ್ಚುವರಿ ಮೊಮೆಂಟ್ ಕಂಬವನ್ನು ಇನ್ನೂ ಸುಮಾರು 7.2 ಮಿಲಿಮೀಟರ್ ಬಾಗಿಸುತ್ತದೆ. ಆ ಬಾಗಿನಿಂದ ಮತ್ತೆ 3.6, ಅದರಿಂದ 1.8. ಪ್ರತಿ ಸುತ್ತಿನಲ್ಲೂ ಹಿಂದಿನದರ ಅರ್ಧ ಸೇರುತ್ತಾ ಹೋಗಿ ಬಾಗು ಸುಮಾರು ಇಮ್ಮಡಿಯಾದಾಗ ನಿಲ್ಲುತ್ತದೆ.

ಅರ್ಧವೇ ಏಕೆ? 1744ರಲ್ಲಿ ಲಿಯೊನಾರ್ಡ್ ಆಯ್ಲರ್ ಕೊಟ್ಟ ಸೂತ್ರದ ಪ್ರಕಾರ, ಈ ಕಂಬ ಬರೀ ಭಾರಕ್ಕೇ ಪಕ್ಕಕ್ಕೆ ಬಳುಕಿಬಿಡುವ ಮಿತಿ 286 ಕಿಲೋನ್ಯೂಟನ್. ನಮ್ಮ ಭಾರ ಅದರ ಅರ್ಧ. ಪ್ರತಿ ಸುತ್ತಿನ ಪಾಲು ಈ ಅನುಪಾತವೇ. ಹೀಗಾಗಿ ಒಟ್ಟು ಹಿಗ್ಗುವಿಕೆ ಸರಿಸುಮಾರು 1/(1−P/Pₑ). ಇಲ್ಲಿ P ಮೇಲಿನ ಭಾರ, Pₑ ಆಯ್ಲರ್ ಮಿತಿ. ಅನುಪಾತ 1 ಆದರೆ ಸುತ್ತುಗಳು ಕುಗ್ಗುವುದೇ ಇಲ್ಲ. ಬಳುಕುವುದೆಂದರೆ ಇದೇ, ಹಿಗ್ಗುವಿಕೆ ಅದರತ್ತ ಸಾಗುವ ದಾರಿ. ನಡುವೆ ಎಳೆತವಿರುವಾಗ ಬಾಗು ಇಮ್ಮಡಿಯಾದರೂ ಮೊಮೆಂಟ್ ಪೂರ್ತಿ ಇಮ್ಮಡಿಯಾಗುವುದಿಲ್ಲ. ನಿಖರ ಲೆಕ್ಕದಲ್ಲಿ 5 ಇದ್ದದ್ದು 9.1 ಆಗುತ್ತದೆ. ಅಷ್ಟಕ್ಕೇ ಒಟ್ಟು ಸ್ಟ್ರೆಸ್ 290 ದಾಟುತ್ತದೆ. ನೆಮ್ಮದಿ ಕೊಟ್ಟ ಆ 204 ಬರೀ ಕಾಗದದ ಮೇಲಿನದು.

ಸುರಕ್ಷತಾ ಗುಣಾಂಕ ಇರುವುದೇ ಇದಕ್ಕಲ್ಲವೇ ಎಂದು ಕೇಳಬಹುದು. ಸ್ಟ್ರೆಸ್ಸಿನಲ್ಲಿ ಒಂದೂವರೆ ಪಟ್ಟು ಅಂತರವಿಟ್ಟರೆ ಭಾರದಲ್ಲೂ ಅಷ್ಟೇ ಅಂತರ ಸಿಗುತ್ತದೆ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ಭಾರ ಮತ್ತು ಎಳೆತ ಎರಡನ್ನೂ ಒಂದೂವರೆ ಪಟ್ಟು ಮಾಡಿ ನೋಡಿ: ಮೊಮೆಂಟ್ 9.1ರಿಂದ 25.8ಕ್ಕೆ ಏರುತ್ತದೆ, ಎಂದರೆ ಸುಮಾರು 2.8 ಪಟ್ಟು. ಇದೂ ಉಕ್ಕು ಪೂರ್ತಿ ಸ್ಥಿತಿಸ್ಥಾಪಕವಾಗಿಯೇ ಉಳಿಯುತ್ತದೆಂದು ಭಾವಿಸಿದ ಲೆಕ್ಕ. ನಿಜದಲ್ಲಿ ಹೊರ ಅಂಚು ಸೋತ ಕೂಡಲೇ ಬಿಗಿತವೂ ಇಳಿದು ಹಿಗ್ಗುವಿಕೆ ಇನ್ನೂ ಕೆಡುತ್ತದೆ. ಆದ್ದರಿಂದ ಗುಣಾಂಕವನ್ನು ಮೊದಲೇ ಭಾರಕ್ಕೆ ಹಚ್ಚಿ, ಹಿಗ್ಗುವಿಕೆಯನ್ನು ಆಮೇಲೆ ಲೆಕ್ಕ ಹಾಕಬೇಕು. ಕೊನೆಯ ಉತ್ತರವನ್ನು ಗುಣಿಸಿದರೆ ಸಾಲದು. ಕಂಬದ ಬುಡ ಬೋಲ್ಟು ಬಿಗಿದ ತಗಡಿನ ಮೇಲೆ ನಿಂತಿದೆ, ತಿರುಗುವುದಿಲ್ಲ ಎಂಬ ಇನ್ನೊಂದು ವಾದ ಹೆಚ್ಚು ಗಟ್ಟಿಯಾದದ್ದು. ಎರಡೂ ತುದಿ ನಿಜಕ್ಕೂ ತಿರುಗದಿದ್ದರೆ ಆಯ್ಲರ್ ಮಿತಿ ನಾಲ್ಕು ಪಟ್ಟಾಗಿ ಹಿಗ್ಗುವಿಕೆ ಬಹುಪಾಲು ಅಡಗುತ್ತದೆ. ಆದರೆ ತೆಳು ತಗಡು, ನಾಲ್ಕು ಬೋಲ್ಟುಗಳಿಂದ ಅಷ್ಟು ಹಿಡಿತ ಸಿಗುವುದು ಕಷ್ಟ. ಛಾವಣಿಗೆ ಅಡ್ಡಕಟ್ಟುಗಳಿಲ್ಲದೆ ಮೇಲ್ತುದಿ ಪಕ್ಕಕ್ಕೆ ಸರಿಯುವಂತಿದ್ದರಂತೂ, ಬುಡ ಎಷ್ಟೇ ಬಿಗಿಯಾಗಿದ್ದರೂ ಮಿತಿ ಕಾಲು ಭಾಗಕ್ಕೆ, ಸುಮಾರು 71 ಕಿಲೋನ್ಯೂಟನ್ನಿಗೆ ಇಳಿಯುತ್ತದೆ. ಆ ಕಂಬ ಚೈನ್ ಇಲ್ಲದೆಯೂ ಈ ಭಾರ ಹೊರದು.

ಹಾಗೆಂದು ಎಲ್ಲ ಕಂಬಕ್ಕೂ ಹೆದರಬೇಕಾಗಿಲ್ಲ. ಭಾರ ಆಯ್ಲರ್ ಮಿತಿಯ ಹತ್ತನೇ ಒಂದು ಭಾಗದೊಳಗಿದ್ದರೆ ಹಿಗ್ಗುವಿಕೆ ಶೇಕಡಾ 11ರೊಳಗೇ ಉಳಿಯುತ್ತದೆ. ಉದ್ದಕ್ಕೆ ಬೀಳುವ ಬಲ ಒತ್ತುವ ಬದಲು ಎಳೆಯುವಂಥದ್ದಾದರೆ ಕಥೆ ತಿರುಗುಮುರುಗು, ಉದ್ದದ ಆ ಎಳೆತ ಬಾಗನ್ನು ನೆಟ್ಟಗೆ ಮಾಡುತ್ತದೆ. ನಮ್ಮ ಶೆಡ್ಡಿನಲ್ಲೂ ಚೈನನ್ನು ನಡುವಿಗೆ ಕಟ್ಟದೆ ಬುಡದಿಂದ 40 ಸೆಂಟಿಮೀಟರ್ ಎತ್ತರದಲ್ಲಿ ಕಟ್ಟಿದರೆ, ಅದೇ ಅರ್ಧ ಟನ್ನಿಗೆ ಹಿಗ್ಗಿದ ಮೊಮೆಂಟ್ ಕೂಡ ಎರಡೂವರೆ ಕಿಲೋನ್ಯೂಟನ್-ಮೀಟರ್ ದಾಟದೆ, ಒಟ್ಟು ಸ್ಟ್ರೆಸ್ 150ರ ಆಸುಪಾಸಿನಲ್ಲಿ ನಿಲ್ಲುತ್ತದೆ.