ಆಟದ ನಡುವೆ ಕೈಕೊಡುವ ಕಂಟ್ರೋಲರ್

ಲ್ಯಾಪ್‌ಟಾಪ್‌ನಲ್ಲಿ ಆಡುವಾಗ ಕಂಟ್ರೋಲರ್ ಸಂಪರ್ಕ ತಪ್ಪಿದರೆ ಮೊದಲು ಬ್ಯಾಟರಿ ನೋಡಿ. ಚಾರ್ಜ್ ತೀರಾ ಇಳಿದಿದ್ದರೆ, ಕಂಪನದ ಮೋಟಾರು ತಿರುಗಿದ ಕ್ಷಣವೇ ವೋಲ್ಟೇಜ್ ಕುಸಿದು ಅದು ಆರಿಹೋಗಬಹುದು.

ಚಾರ್ಜ್ ತುಂಬಿದ್ದೂ ಬಟನ್ ತಡವಾಗಿ ಸ್ಪಂದಿಸಿ ಆಮೇಲೆ ಸಂಪರ್ಕ ಕಡಿದರೆ, ನನ್ನ ಅನುಮಾನ ಅಕ್ಕಪಕ್ಕದ ಉಪಕರಣಗಳ ಮೇಲೆ. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ವೈಫೈ ಕೂಡ ಓಡುತ್ತದೆ. ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುತ್ತ ಬ್ಲೂಟೂತ್ ವೈಫೈಯಿಂದ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಆದರೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಹೊರಸೂಸುವ ಗದ್ದಲ ಪಟ್ಟಿಯುದ್ದಕ್ಕೂ ಹರಡುವುದರಿಂದ, ಪಕ್ಕದ ಪೋರ್ಟ್‌ನಲ್ಲಿರುವ ಬ್ಲೂಟೂತ್ ಡಾಂಗಲ್‌ಗೆ ಜಿಗಿಯಲು ಜಾಗವೇ ಸಿಗುವುದಿಲ್ಲ. ಡಿಸ್ಕ್ ತೆಗೆದು ಆಡಿ ನೋಡಿ. ಸರಿಹೋದರೆ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ದೂರ ಇಡಿ.

ಪೇರಿಂಗ್ ಮಿತಿಯ ಲಕ್ಷಣ ಬೇರೆ. ಎಷ್ಟೋ ಕಂಟ್ರೋಲರ್‌ಗಳು ಒಂದೇ ಸಾಧನವನ್ನು ನೆನಪಿಡುತ್ತವೆ. ಫೋನಿಗೆ ಜೋಡಿಸಿದ ಮೇಲೆ ಲ್ಯಾಪ್‌ಟಾಪ್‌ಗೆ ಮರಳಿ ಸೇರದಿದ್ದರೆ, ಅಲ್ಲಿನ ಹಳೆಯ ಹೆಸರು ಅಳಿಸಿ ಹೊಸದಾಗಿ ಪೇರ್ ಮಾಡಬೇಕು.